ಹುಡುಗಿ ನಿಧಾನವಾಗಿರಲಿಲ್ಲ, ತಾರೀಖು ತಿರುವುಮುರುವಾಗಿತ್ತು

ಮುಂಬಯಿಯ ಪೂರ್ವ ಉಪನಗರದಲ್ಲಿ ಒಂದು ಪಾಲಿಕೆ ಮೈದಾನ. ಬೆಳಿಗ್ಗೆ ಐದೂವರೆಗೆ ಅಲ್ಲಿ ಹದಿನಾಲ್ಕು ಮಕ್ಕಳು ಓಡುತ್ತಾರೆ. ಹೆಚ್ಚಿನವರು ಕನ್ನಡದವರು. ಕೆಲವರ ತಂದೆ ಹೋಟೆಲಿನಲ್ಲಿದ್ದಾರೆ, ಕೆಲವರ ತಂದೆ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಯೂರಿದವರು. ಕಲಿಸುವವರು ದಕ್ಷಿಣ ಕನ್ನಡದವರು. ಕಾಲೇಜು ದಿನಗಳಲ್ಲಿ 400 ಮೀಟರ್ ಓಡುತ್ತಿದ್ದರು, ಈಗ ಬ್ಯಾಂಕಿನಲ್ಲಿದ್ದಾರೆ. ಫೀಸು ಇಲ್ಲ. ನಾನು ಒಂದು ಕಂಪನಿಯ ಲೆಕ್ಕ ವಿಭಾಗದಲ್ಲಿದ್ದೇನೆ. ವಾಕಿಂಗಿಗೆ ಹೋಗಿ ಪರಿಚಯವಾಗಿ, "ನಿಮಗೆ ಎಕ್ಸೆಲ್ ಎಲ್ಲ ಬರ್ತದಲ್ಲ, ಒಮ್ಮೆ ನೋಡಿ ಮಾರಾಯ್ರೆ" ಎಂದು ಅವರು ಹೇಳಿದ ಮೇಲೆ ಈ ಕಥೆಯೊಳಗೆ ಬಂದವನು.

ಮಕ್ಕಳೆಲ್ಲ ಚಿಕ್ಕವರು, ಹಾಗಾಗಿ ಯಾರ ಹೆಸರನ್ನೂ ಬರೆಯುವುದಿಲ್ಲ. ಶೀಟಿನಲ್ಲಿ ಇದ್ದದ್ದೂ ಹೆಸರಲ್ಲ, A01ರಿಂದ A14ರವರೆಗಿನ ಗುರುತು. ಈ ಬರಹಕ್ಕೆ ಬೇಕಾದವರು ಇಬ್ಬರೇ. ಒಬ್ಬಳು ಏಳನೆಯವಳು, ಹದಿನಾಲ್ಕು ವರ್ಷ, ತಂದೆ ಸೆಂಟ್ರಿಂಗ್ ಕೆಲಸದವರು. ಇನ್ನೊಬ್ಬಳು ಹನ್ನೊಂದನೆಯವಳು, ಅದೇ ವಯಸ್ಸು, ಹೋಟೆಲಿನವರ ಮಗಳು.

ಪುಸ್ತಕದಿಂದ ಶೀಟಿಗೆ

2024ರ ಜನವರಿಯವರೆಗೆ ಎಲ್ಲವೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಪರೀಕ್ಷೆಯ ದಿನ ಅದರಲ್ಲಿ ಬರೆದರೆ ಮುಗಿಯಿತು. ಹಿಂದಿನ ಸಲ ಎಷ್ಟಿತ್ತು ಎಂದು ನೋಡಲು ಪುಟ ಮಗುಚುವ ವ್ಯವಧಾನ ಯಾರಿಗೂ ಇರಲಿಲ್ಲ. ಆ ವರ್ಷ ತರಬೇತುದಾರರು ಒಂದು ನಿಯಮ ಮಾಡಿಕೊಂಡರು: ಹೆಚ್ಚುಕಡಿಮೆ ತಿಂಗಳಿಗೊಂದು ಭಾನುವಾರ 30 ಮೀಟರ್ ಓಟದ ಪರೀಕ್ಷೆ. ನಿಂತಲ್ಲಿಂದ ಹೊರಡುವುದು, ಮುಂದಿನ ಕಾಲು ಗೆರೆಯ ಹಿಂದೆ. ಗಡಿಯಾರ ಹಿಡಿದವರು ಮುಗಿಯುವ ಗೆರೆಯ ನೇರಕ್ಕೆ ನಿಂತಿರಬೇಕು. ಹಿಂದಿನ ಕಾಲು ನೆಲ ಬಿಟ್ಟದ್ದು ಕಂಡಾಗ ಒತ್ತುವುದು, ಎದೆ ಗೆರೆ ದಾಟಿದಾಗ ಮತ್ತೆ ಒತ್ತುವುದು. ಮೂರು ಓಟ, ನಡುವೆ ಮೂರು ನಿಮಿಷ ಬಿಡುವು, ಮೂರರ ಸರಾಸರಿ ದಾಖಲೆಗೆ.

ಇದನ್ನು ಶೀಟಿಗೆ ಹಾಕಿದವಳು ಗುಂಪಿನಲ್ಲೇ ಬೆಳೆದು ಈಗ ಬಿ.ಕಾಂ. ಓದುತ್ತಿರುವ ಹುಡುಗಿ. ಮಕ್ಕಳಿಗೆ ಅವಳು ಅಕ್ಕ. ಗೂಗಲ್ ಶೀಟ್ಸಿನಲ್ಲಿ ಖಾಲಿ ಫೈಲ್ ತೆರೆಯುವ ಬದಲು ಯಾರೋ ಹಂಚಿದ್ದ ವ್ಯಾಯಾಮದ ಮಾದರಿ ಫೈಲೊಂದರ ಪ್ರತಿ ಮಾಡಿಕೊಂಡು, ಅದರೊಳಗಿದ್ದುದನ್ನು ಅಳಿಸಿ, ನಮ್ಮ ಕಾಲಂಗಳನ್ನು ಮಾಡಿದಳು. ತಾರೀಖು, ಗುರುತು, ಓಟ 1, ಓಟ 2, ಓಟ 3, ಸರಾಸರಿ. ಒಂದು ಮಗುವಿನ ಒಂದು ಪರೀಕ್ಷೆಗೆ ಒಂದು ಸಾಲು. ಈ ವಿನ್ಯಾಸದಲ್ಲಿ ನನಗೆ ಈಗಲೂ ತಕರಾರಿಲ್ಲ. ಪ್ರತಿ ಮಗುವಿಗೂ ಒಂದೊಂದು ಹಾಳೆ ಮಾಡಿದ್ದರೆ ಹದಿನಾಲ್ಕು ಕಡೆ ತಪ್ಪು ಹುಡುಕಬೇಕಾಗುತ್ತಿತ್ತು.

ವರ್ಷದಲ್ಲಿ ಒಂಬತ್ತು ಪರೀಕ್ಷೆಗಳು ನಡೆದವು: ಜನವರಿ 7, ಫೆಬ್ರವರಿ 11, ಮಾರ್ಚ್ 10, ಏಪ್ರಿಲ್ 21, ಜೂನ್ 9, ಜುಲೈ 14, ಅಕ್ಟೋಬರ್ 6, ನವೆಂಬರ್ 10, ಡಿಸೆಂಬರ್ 8. ಮೇ ತಿಂಗಳಲ್ಲಿ ಮಕ್ಕಳು ಊರಿಗೆ ಹೋಗುತ್ತಾರೆ. ಜುಲೈಯಿಂದ ಅಕ್ಟೋಬರಿಗೆ ಹಾರಿದ್ದು ಯಾಕೆಂದು ಮುಂಬಯಿಯ ಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ಜುಲೈ 14ರ ಪರೀಕ್ಷೆಯನ್ನೇ ಕೆಸರಿನಲ್ಲಿ ಮಾಡಿದ್ದು, ಗಡಿಯಾರ ಹಿಡಿದವರ ಇನ್ನೊಂದು ಕೈಯಲ್ಲಿ ಕೊಡೆ ಇತ್ತು.

ಡಿಸೆಂಬರಿನ ಚಾರ್ಟು

ಜನವರಿ 26ಕ್ಕೆ ಕನ್ನಡ ಸಂಘವೊಂದರ ಕ್ರೀಡಾಕೂಟವಿತ್ತು. 4×100 ರಿಲೇಗೆ ನಾಲ್ವರು ಹುಡುಗಿಯರನ್ನು ಆರಿಸಬೇಕು. ಡಿಸೆಂಬರಿನ ಪರೀಕ್ಷೆ ಮುಗಿದ ಮೇಲೆ ಅಕ್ಕ ಶೀಟನ್ನು ಚೊಕ್ಕಟ ಮಾಡಲು ಕೂತಳು. ಸಾಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು, ಎಲ್ಲ ಕೋಶಗಳನ್ನು ನಡುವಿಗೆ ತಂದಳು, ಒಬ್ಬೊಬ್ಬರಿಗೆ ಒಂದು ಗೆರೆಚಾರ್ಟು ಮಾಡಿದಳು, ಪ್ರತ್ಯೇಕ ಹಾಳೆಯಲ್ಲಿ ವರ್ಷದ ಸರಾಸರಿಯ ಪಟ್ಟಿ ಹಾಕಿದಳು. ಅದೆಲ್ಲದರ ಫೋಟೋ ತರಬೇತುದಾರರ ಮೊಬೈಲಿಗೆ ಹೋಯಿತು.

ಅವರು ಬ್ಯಾಂಕಿನ ಊಟದ ಹೊತ್ತಿನಲ್ಲಿ ನೋಡಿದ್ದು ಎರಡು ಸಂಗತಿ. ಒಂದು, ಏಳನೆಯವಳ ಗೆರೆ ಮೇಲೆ ಕೆಳಗೆ ಕುಣಿಯುತ್ತ, ಕೊನೆಕೊನೆಗೆ ಮೇಲಕ್ಕೆ ಹೋಗಿತ್ತು. ಓಟದಲ್ಲಿ ಸೆಕೆಂಡು ಹೆಚ್ಚಾಯಿತೆಂದರೆ ನಿಧಾನವಾದಳು ಎಂದರ್ಥ. ಅಕ್ಕ ಹಾಕಿದ್ದ, ಒಟ್ಟಾರೆ ದಿಕ್ಕು ತೋರಿಸುವ ಒಲವುಗೆರೆ ಕೂಡ ತುಸು ಮೇಲ್ಮುಖವಾಗಿಯೇ ಇತ್ತು. ಎರಡು, ಸರಾಸರಿಯ ಪಟ್ಟಿಯಲ್ಲಿ ಹನ್ನೊಂದನೆಯವಳು 4.62 ಸೆಕೆಂಡಿನಲ್ಲಿ ಎಲ್ಲರಿಗಿಂತ ಮೇಲಿದ್ದಳು. ಏಳನೆಯವಳು 5.09.

"ಇವಳು ಇಷ್ಟು ಓಡ್ತಾಳಾ ಅಂತ ನನಗೆ ಒಂದು ಸಂಶಯ ಬಂದಿತ್ತು," ಎಂದು ಅವರು ಆಮೇಲೆ ನನಗೆ ಹೇಳಿದರು. "ಮತ್ತೆ ಅಂದುಕೊಂಡೆ, ನಾನು ದಿನಾ ಒಬ್ಬೊಬ್ಬರನ್ನೇ ನೋಡ್ತೇನಾ? ಲೆಕ್ಕ ಹೇಳ್ತದಲ್ಲ."

ಎರಡು ತೀರ್ಮಾನಗಳಾದವು. ಹನ್ನೊಂದನೆಯವಳಿಗೆ ರಿಲೇ ತಂಡದಲ್ಲಿ ಜಾಗ ಇದೆ ಎಂದು ಹೇಳಿದರು. ಏಳನೆಯವಳಿಗೆ ವೇಗ ಇಳಿದಿದೆ ಎಂದು ವಾರಕ್ಕೆ ಎರಡು ದಿನ ಹೆಚ್ಚುವರಿ ಓಟ ಕೊಟ್ಟರು. ಡಿಸೆಂಬರ್ ಮಧ್ಯದಿಂದ ಮೂರು ವಾರ ಆ ಗಟ್ಟಿನೆಲದಲ್ಲಿ ಓಡಿ ಅವಳಿಗೆ ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ನೋವು ಶುರುವಾಯಿತು. ಆಗ ಅವಳ ತಂದೆ ಮೈದಾನಕ್ಕೆ ಬಂದರು. ನಾನೂ ಅಲ್ಲಿದ್ದೆ. "ಸರ್, ಹುಡುಗಿ ಓಟ ಕಮ್ಮಿ ಆಗ್ಯಾದಂತ ಮನ್ಯಾಗ ಅಳತಾಳ್ರೀ. ಸುಳ್ಳ ಕಾಲು ನೋಯಿಸ್ಕೊಳ್ಳದು ಬ್ಯಾಡಂದ್ರ ಬಿಡಸ್ತೀನ್ರಿ," ಎಂದರು. ಜಗಳದ ದನಿಯಲ್ಲ. ಕೇಳುವ ದನಿಯೇ.

ಅವರಿಗೆ ತೋರಿಸಲೆಂದು ತರಬೇತುದಾರರು ಮೊಬೈಲಿನಲ್ಲಿ ಚಾರ್ಟು ತೆರೆದರು. ತಂದೆಯ ಹೆಗಲ ಸಂದಿಯಿಂದ ಇಣುಕಿದ ಹುಡುಗಿ ಗೆರೆಯನ್ನು ನೋಡಲಿಲ್ಲ, ಕೆಳಗಿನ ಅಂಕಿಗಳನ್ನು ಓದಿದಳು. "ಅಂಕಲ್, ಮಳ್ಯಾಗ ಓಡಿದ್ದು ಮೊದಲ್ರಿ. ದೀಪಾವಳಿ ಆಮ್ಯಾಲ ಬಂತು. ಇಲ್ಲಿ ಉಲ್ಟಾ ಅದ."

ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂಬತ್ತೂ ಪರೀಕ್ಷೆಗಳ ಸಮಯ ಪೆನ್ಸಿಲಿನಲ್ಲಿ ಇತ್ತು. ತಾರೀಖಿನ ಬದಲು "ಸಂಕ್ರಾಂತಿ ಮೊದಲು", "ಊರಿಗೆ ಹೋಗೋ ಮೊದಲು", "ಮಳೆ", "ದೀಪಾವಳಿ ಆದ ಮೇಲೆ" ಎಂದು ಬರೆದಿದ್ದಳು. ಯಾವ ಸಾಫ್ಟ್‌ವೇರಿಗೂ ಅದನ್ನು ತಪ್ಪಾಗಿ ಓದಲು ಬರುವುದಿಲ್ಲ.

ತಾರೀಖು ಎಲ್ಲಿ ಕೆಟ್ಟಿತು

ಆ ದಿನ ಸಂಜೆ ಶೀಟು ತೆರೆದು ಅವಳ ಒಂಬತ್ತು ಸಾಲುಗಳನ್ನು ಮಾತ್ರ ಬೇರ್ಪಡಿಸಿದೆ. ತಾರೀಖಿನಂತೆ ಜೋಡಿಸಿದ ಕ್ರಮ ಹೀಗಿತ್ತು:

```
06/10/2024   5.03
07/01/2024   5.23
08/12/2024   4.93
09/06/2024   5.03
10/03/2024   5.10
10/11/2024   4.97
11/02/2024   5.17
14/07/2024   5.27
21/04/2024   5.07
```

ಎಡಗಡೆಯ ಮೊದಲ ಅಂಕಿಯನ್ನು ಮೇಲಿನಿಂದ ಕೆಳಗೆ ಓದಿ: 6, 7, 8, 9, 10, 10, 11, 14, 21. ನಮಗೆ ಅದು ದಿನ, ಯಂತ್ರಕ್ಕೆ ಅದು ತಿಂಗಳು. ಮಾದರಿ ಫೈಲನ್ನು ಮೊದಲು ಮಾಡಿದವರ ಸೆಟ್ಟಿಂಗ್ ಪ್ರತಿಯೊಂದಿಗೇ ಬಂದಿತ್ತು. `File` ಒಳಗಿನ `Settings` ತೆರೆದರೆ `Locale` ಎದುರು `United States` ಎಂದಿತ್ತು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾವು ಅಕ್ಟೋಬರ್ 6 ಎಂದು ಬರೆದ 06/10 ಅದಕ್ಕೆ ಜೂನ್ 10. ಡಿಸೆಂಬರ್ 8 ಅದಕ್ಕೆ ಆಗಸ್ಟ್ 12.

ಆದರೆ 14/07 ಮತ್ತು 21/04 ಅದಕ್ಕೆ ಏನೂ ಅಲ್ಲ, ಹದಿನಾಲ್ಕನೆಯ ತಿಂಗಳು ಇಲ್ಲವಲ್ಲ. ಅವನ್ನು ತಾರೀಖೆಂದು ಒಪ್ಪದೆ ಬರೀ ಅಕ್ಷರಗಳಾಗಿ ಇಟ್ಟುಕೊಂಡಿತು. ಏರಿಕೆಯ ಕ್ರಮದಲ್ಲಿ ಜೋಡಿಸುವಾಗ ಸಂಖ್ಯೆಗಳೆಲ್ಲ ಮೊದಲು, ಅಕ್ಷರಗಳು ಕೊನೆಗೆ ಬರುತ್ತವೆ. ಹಾಗಾಗಿ ಜುಲೈ ಮತ್ತು ಏಪ್ರಿಲ್ ಬಾಲಕ್ಕೆ ಬಿದ್ದವು. ಜುಲೈಯ ಕೆಸರಿನ ಓಟ, ವರ್ಷದ ಅತಿ ನಿಧಾನದ ಓಟ, ಚಾರ್ಟಿನ ಬಲತುದಿಯ ಹತ್ತಿರ ಬಂದು ಕೂತಿದ್ದರಿಂದಲೇ ಗೆರೆ ಮೇಲಕ್ಕೆ ಹೋದಂತೆ ಕಂಡಿತ್ತು.

ಇದನ್ನು ಏಪ್ರಿಲಿನಲ್ಲೇ ಹಿಡಿಯಬಹುದಿತ್ತು. ನಾವು ಬದಲಿಸದಿದ್ದರೆ ತಾರೀಖು ಮತ್ತು ಸಂಖ್ಯೆ ಕೋಶದ ಬಲಕ್ಕೆ ಅಂಟುತ್ತವೆ, ಅಕ್ಷರ ಎಡಕ್ಕೆ ಅಂಟುತ್ತದೆ. ಏಪ್ರಿಲ್ 21ರ ಸಾಲುಗಳು ಎಡಕ್ಕೆ ನಿಂತಿದ್ದಾಗಲೇ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಅಕ್ಕನಿಗೆ ಅದು ವಕ್ರವಾಗಿ ಕಂಡಿತ್ತು, ಅದಕ್ಕೇ ಎಲ್ಲವನ್ನೂ ನಡುವಿಗೆ ತಂದಿದ್ದಳು. ಅಂದಿನಿಂದ ನಾನು ತಾರೀಖಿನ ಕಾಲಮನ್ನು ನಡುವಿಗೆ ತರಲು ಯಾರಿಗೂ ಬಿಡುವುದಿಲ್ಲ.

ನನ್ನ ಮೊದಲ ಪ್ರಯತ್ನ ತಪ್ಪಾಯಿತು. `Locale` ಅನ್ನು `India` ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಬದಲಿಸಿದೆ. ಆಗಲಿಲ್ಲ. ಶೀಟು ತಾರೀಖನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಜೂನ್ 10 ಎಂದು ಒಮ್ಮೆ ಅರ್ಥ ಮಾಡಿಕೊಂಡದ್ದು ಜೂನ್ 10 ಆಗಿಯೇ ಉಳಿಯಿತು. ಸೆಟ್ಟಿಂಗ್ ಬದಲಿಸಿದ್ದರಿಂದ ಮುಂದೆ ಬರೆಯುವ ತಾರೀಖು ಸರಿಯಾಗುತ್ತದೆ, ಹಿಂದೆ ಬರೆದದ್ದು ಆಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ಹೊಸ ಕಾಲಂ ಮಾಡಿ ಈ ಸೂತ್ರ ಹಾಕಬೇಕಾಯಿತು:

```
=IF(ISNUMBER(A2),
  DATE(YEAR(A2),DAY(A2),MONTH(A2)),
  DATE(RIGHT(A2,4),MID(A2,4,2),LEFT(A2,2)))
```

ಕೋಶದಲ್ಲಿರುವುದು ಸಂಖ್ಯೆಯಾದರೆ ಅದರ ದಿನವನ್ನು ತಿಂಗಳೆಂದೂ ತಿಂಗಳನ್ನು ದಿನವೆಂದೂ ಅದಲುಬದಲು ಮಾಡು. ಅಕ್ಷರವಾದರೆ ಬಲದ ನಾಲ್ಕು ಅಂಕಿ ವರ್ಷ, ನಡುವಿನ ಎರಡು ಅಂಕಿ ತಿಂಗಳು, ಎಡದ ಎರಡು ಅಂಕಿ ದಿನ. ಸೂತ್ರದ ಒಟ್ಟು ಅರ್ಥ ಇಷ್ಟೆ. ಇದನ್ನು ಒಂದು ಸಲ ಮಾತ್ರ ಮಾಡಬೇಕು. ಸರಿಪಡಿಸಿದ ಕಾಲಮಿಗೇ ಮತ್ತೆ ಹಾಕಿದರೆ ಜುಲೈ 14ರಲ್ಲಿ 14 ತಿಂಗಳಾಗಿ, ಅದು ಮುಂದಿನ ವರ್ಷಕ್ಕೆ ಉರುಳಿ, 2025ರ ಫೆಬ್ರವರಿ 7 ಎಂದು ತೋರಿಸುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಆದ್ದರಿಂದ ಹಳೆಯ ಕಾಲಮನ್ನು ಅಳಿಸದೆ ಮುಚ್ಚಿಟ್ಟು, ಹೊಸದನ್ನು ಹಳೆಯ ನೋಟ್‌ಬುಕ್ಕಿನ ಜೊತೆ ಸಾಲುಸಾಲಾಗಿ ತಾಳೆ ನೋಡಿದೆವು. ಆಮೇಲೆ ಹೊಸ ತಾರೀಖು ಬರೆಯುವಾಗ 2025-01-12 ಎಂಬಂತೆ ವರ್ಷ ಮೊದಲು ಹಾಕುವ ರೂಢಿ ಮಾಡಿದೆವು. ಹಾಗೆ ಬರೆದರೆ ಯಾವ ದೇಶದ ಸೆಟ್ಟಿಂಗಿನಲ್ಲೂ ಎರಡು ಅರ್ಥ ಬರುವುದಿಲ್ಲ.

ಸರಿಯಾದ ಕ್ರಮದಲ್ಲಿ ಅವಳ ವರ್ಷ ಹೀಗೆ ಕಂಡಿತು: 5.23, 5.17, 5.10, 5.07, 5.03, ಮಳೆಯಲ್ಲಿ 5.27, ಮತ್ತೆ 5.03, 4.97, 4.93. ಕೆಸರಿನ ಒಂದು ದಿನ ಬಿಟ್ಟರೆ ಅವಳು ಯಾವ ಪರೀಕ್ಷೆಯಲ್ಲೂ ಹಿಂದೆ ಬಿದ್ದಿರಲಿಲ್ಲ.

4.62ರ ಒಳಗಿದ್ದ ಸೊನ್ನೆ

ಒಂದು ತಪ್ಪು ಸಿಕ್ಕಿದ ಮೇಲೆ ಲೆಕ್ಕದವನಿಗೆ ನಿದ್ದೆ ಬರುವುದಿಲ್ಲ. 4.62 ನನ್ನನ್ನು ಕಾಡುತ್ತಿತ್ತು. ಹನ್ನೊಂದನೆಯವಳ ಸಾಲುಗಳನ್ನು ನೋಡಿದರೆ ಯಾವ ಪರೀಕ್ಷೆಯಲ್ಲೂ ಅವಳು ಐದು ಸೆಕೆಂಡಿನ ಒಳಗೆ ಓಡಿರಲಿಲ್ಲ. ಎಲ್ಲ ಅಂಕಿಗಳೂ ಐದಕ್ಕಿಂತ ಮೇಲಿರುವಾಗ ಸರಾಸರಿ ಐದಕ್ಕಿಂತ ಕೆಳಗೆ ಹೇಗೆ ಹೋಗುತ್ತದೆ?

ಜುಲೈ 14ರಂದು ಅವಳು ಬಂದಿರಲಿಲ್ಲ. ಗೈರುಹಾಜರಾದವರ ಮೂರು ಓಟದ ಕೋಶಗಳನ್ನು ಖಾಲಿ ಬಿಟ್ಟರೆ ಸರಾಸರಿಯ ಕೋಶದಲ್ಲಿ `#DIV/0!` ಎಂದು ಬರುತ್ತದೆ, ಯಾಕೆಂದರೆ ಭಾಗಿಸಲು ಏನೂ ಇಲ್ಲ. ಅಕ್ಕನಿಗೆ ಆ ಗೋಜಲು ಇಷ್ಟವಾಗದೆ ಮೂರಕ್ಕೂ 0 ಹಾಕಿದ್ದಳು. ದೋಷ ಮಾಯವಾಯಿತು, ಸರಾಸರಿ 0 ಎಂದಾಯಿತು. ವರ್ಷದ ಸರಾಸರಿ ತೆಗೆಯುವಾಗ ಸೂತ್ರಕ್ಕೆ ಆ ಸೊನ್ನೆಯೂ ಒಂದು ಓಟವೇ. ಎಂಟು ಪರೀಕ್ಷೆಗಳ ಮೊತ್ತ 41.60. ಎಂಟರಿಂದ ಭಾಗಿಸಿದರೆ 5.20. ಒಂಬತ್ತರಿಂದ ಭಾಗಿಸಿದ್ದಕ್ಕೆ 4.62.

ಉದ್ದ ಜಿಗಿತದಲ್ಲೋ ಗುಂಡೆಸೆತದಲ್ಲೋ ಇದೇ ತಪ್ಪಾಗಿದ್ದರೆ ಬಾರದವರ ಸರಾಸರಿ ಕುಸಿದು ಯಾರಾದರೂ ದೂರು ಹೇಳಿಕೊಂಡು ಬರುತ್ತಿದ್ದರು. ಓಟದಲ್ಲಿ ಕಡಿಮೆಯೇ ಒಳ್ಳೆಯದು, ಹಾಗಾಗಿ ಬಾರದವಳಿಗೇ ಲಾಭವಾಯಿತು, ದೂರಲು ಯಾರೂ ಇರಲಿಲ್ಲ. ಅದರ ಮೇಲೆ, ಒಂದು ಪರೀಕ್ಷೆಯ ಮೂರು ಓಟಗಳಲ್ಲಿ ಒಂದು ಸೊನ್ನೆಯಾಗಿದ್ದರೆ ಸರಾಸರಿ ಮೂರೂವರೆ ಸೆಕೆಂಡಿನ ಹತ್ತಿರ ಬಂದು ಯಾರ ಕಣ್ಣಿಗಾದರೂ ಹೊಡೆಯುತ್ತಿತ್ತು. ಒಂಬತ್ತರಲ್ಲಿ ಒಂದು ಸೊನ್ನೆ ಹಾಗೆ ಹೊಡೆಯುವುದಿಲ್ಲ. 4.62 ಎಂಬುದು ಯಾರೋ ಒಳ್ಳೆಯ ಹುಡುಗಿ ಓಡಬಹುದಾದ ಸಮಯದ ಹಾಗೆಯೇ ಕಾಣುತ್ತದೆ.

ಈಗ ಬಾರದವರ ಕೋಶದಲ್ಲಿ "ಗೈ" ಎಂದು ಬರೆಯುತ್ತೇವೆ, ಸರಾಸರಿಯ ಕಾಲಮಿನಲ್ಲಿ ಈ ಸೂತ್ರ ಇದೆ:

```
=IF(COUNT(C2:E2)=0,"",AVERAGE(C2:E2))
```

`COUNT` ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಅಕ್ಷರವನ್ನು ಎಣಿಸುವುದಿಲ್ಲ. ಆದ್ದರಿಂದ "ಗೈ" ಇದ್ದ ಸಾಲಿನ ಸರಾಸರಿ ಖಾಲಿಯಾಗಿ ಕಾಣುತ್ತದೆ, ವರ್ಷದ ಲೆಕ್ಕದಲ್ಲೂ ಸೇರುವುದಿಲ್ಲ. ಪಟ್ಟಿಯಲ್ಲಿ ಸರಾಸರಿಯ ಪಕ್ಕಕ್ಕೆ "ಎಷ್ಟು ಪರೀಕ್ಷೆ" ಎಂಬ ಕಾಲಮನ್ನೂ ಇಟ್ಟೆವು. ಎಂಟು ಪರೀಕ್ಷೆಯ ಸರಾಸರಿಗೂ ಒಂಬತ್ತರ ಸರಾಸರಿಗೂ ಹೋಲಿಕೆ ಮಾಡುವ ಮೊದಲು ಅದನ್ನು ನೋಡಬೇಕು. ಇಲ್ಲಿಯೂ ಅಂಥದೇ ಒಂದು ತೊಡಕಿತ್ತು. ಸೊನ್ನೆ ತೆಗೆದ ಮೇಲೂ ಹನ್ನೊಂದನೆಯವಳ ಲೆಕ್ಕದಲ್ಲಿ ಕೆಸರಿನ ದಿನ ಇಲ್ಲ, ಏಳನೆಯವಳ ಲೆಕ್ಕದಲ್ಲಿ ಇದೆ. ಅವಳದನ್ನೂ ಜುಲೈ ಬಿಟ್ಟು ಲೆಕ್ಕ ಹಾಕಿದರೆ 5.09 ಹೋಗಿ 5.07 ಆಗುತ್ತದೆ. ಸಣ್ಣ ವ್ಯತ್ಯಾಸ, ಆದರೆ ಇನ್ನಷ್ಟು ಹತ್ತಿರದ ಇಬ್ಬರಿದ್ದರೆ ಅದೇ ಜಾಗವನ್ನು ನಿರ್ಧರಿಸುತ್ತಿತ್ತು.

ನನ್ನ ಮಟ್ಟಿಗೆ ವರ್ಷದ ಸರಾಸರಿಯಿಂದ ತಂಡ ಆರಿಸುವುದೇ ಸರಿಯಲ್ಲ. ಜನವರಿಯಲ್ಲಿ 5.23 ಓಡಿದ್ದು ಮುಂದಿನ ಜನವರಿಯ ರಿಲೇಗೆ ಯಾಕೆ ಬೇಕು? ಏಳನೆಯವಳ ಕೊನೆಯ ಮೂರು ಪರೀಕ್ಷೆಗಳ ಸರಾಸರಿ 4.98. ಈಗ ಓಡುವವಳು ಆ 4.98ರ ಹುಡುಗಿ.

ಗೆರೆ ಇಳಿದರೆ ಒಳ್ಳೆಯದೋ ಕೆಟ್ಟದ್ದೋ

ಸರಿಪಡಿಸಿದ ಚಾರ್ಟನ್ನು ತಂದೆಗೆ ತೋರಿಸಿದೆವು. ಈ ಸಲ ಅಕ್ಷದಲ್ಲಿ ನಿಜವಾದ ತಾರೀಖುಗಳಿದ್ದವು. ಚಾರ್ಟಿನ ಸೆಟ್ಟಿಂಗಿನಲ್ಲಿ `Treat labels as text` ಎಂಬುದರ ಗುರುತು ತೆಗೆದಿದ್ದೆವು. ಅದು ಇದ್ದರೆ ಜುಲೈ ಮತ್ತು ಅಕ್ಟೋಬರ್ ನಡುವಿನ ಹನ್ನೆರಡು ವಾರಕ್ಕೂ, ನವೆಂಬರ್ ಮತ್ತು ಡಿಸೆಂಬರ್ ನಡುವಿನ ನಾಲ್ಕು ವಾರಕ್ಕೂ ಒಂದೇ ಅಂತರ ಸಿಗುತ್ತದೆ. ಆಗ ಮಳೆಗಾಲದ ದೀರ್ಘ ಬಿಡುವು ಕಣ್ಣಿಗೆ ಬೀಳುವುದೇ ಇಲ್ಲ.

ತಂದೆ ಬಹಳ ಹೊತ್ತು ನೋಡಿದರು. ಮುಖ ಇನ್ನಷ್ಟು ಸಣ್ಣದಾಯಿತು. "ಇದು ಪೂರಾ ಇಳದಾದಲ್ರೀ ಸರ್."

ಸೆಕೆಂಡು ಇಳಿದರೆ ಒಳ್ಳೆಯದು ಎಂದು ತರಬೇತುದಾರರು ವಿವರಿಸಿದರು. ತಂದೆ ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಕೂಲಿಯ ಲೆಕ್ಕವೋ ಮಗಳ ಅಂಕವೋ, ಅವರು ಕಂಡ ಲೆಕ್ಕಗಳಲ್ಲಿ ಇಳಿದದ್ದು ಯಾವತ್ತೂ ಒಳ್ಳೆಯದಾಗಿರಲಿಲ್ಲ. ತಪ್ಪು ಅವರದಲ್ಲ. ಆ ಸಂಜೆ ಇನ್ನೊಂದು ಕಾಲಂ ಸೇರಿಸಿದೆ: 30ನ್ನು ಸಮಯದಿಂದ ಭಾಗಿಸಿ ಸೆಕೆಂಡಿಗೆ ಎಷ್ಟು ಮೀಟರ್ ಎಂದು. 5.23 ಸೆಕೆಂಡು 5.74 ಮೀಟರ್ ಆಯಿತು, 4.93 ಸೆಕೆಂಡು 6.09 ಮೀಟರ್. ಕೆಸರಿನ ದಿನ 5.69. ಗೆರೆ ಈಗ ಏರುತ್ತದೆ, ಮಳೆಯಲ್ಲಿ ಒಂದು ಗುಳಿ ಬೀಳುತ್ತದೆ, ಮತ್ತೆ ಏರುತ್ತದೆ. ಮರುದಿನ ಅದನ್ನು ತೋರಿಸಿದಾಗ ಯಾರೂ ವಿವರಿಸಬೇಕಾಗಲಿಲ್ಲ. ಗುಳಿಯ ಮೇಲೆ ಬೆರಳಿಟ್ಟು "ಇದು ಮಳಿ," ಎಂದು ಅವರೇ ಹೇಳಿದರು.

ಮಕ್ಕಳಿಗೂ ಪಾಲಕರಿಗೂ ಈಗ ವೇಗದ ಚಾರ್ಟು. ಸೆಕೆಂಡಿನದು ನಮ್ಮ ಕೆಲಸಕ್ಕೆ ಮಾತ್ರ.

ಎಷ್ಟು ಇಳಿದರೆ ನಿಜವಾಗಿ ಇಳಿದಂತೆ

ಇಷ್ಟಾದ ಮೇಲೆ ತರಬೇತುದಾರರಿಗೆ ಶೀಟಿನ ಮೇಲೆಯೇ ಅಪನಂಬಿಕೆ ಬಂದಿತು. "ಎಲ್ಲ ಸರಿ, ಆದರೆ ನವೆಂಬರಿನ 4.97, ಡಿಸೆಂಬರಿನ 4.93, ಇದು ಅವಳು ಓಡಿದ್ದಾ, ನಾನು ಬಟನ್ ಬೇಗ ಒತ್ತಿದ್ದಾ?" ನನಗೆ ಉತ್ತರ ಗೊತ್ತಿರಲಿಲ್ಲ. ಇಡೀ ವರ್ಷದಲ್ಲಿ ನಾವು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಕೈಯಲ್ಲಿ ಒತ್ತುವ ಗಡಿಯಾರದ ಅಳತೆಯ ಏರುಪೇರು ಎಷ್ಟೆಂದು ತಿಳಿಯಲು ಒಂದೇ ದಾರಿ, ಅದೇ ಮಕ್ಕಳನ್ನು ಎರಡು ಮೂರು ದಿನದೊಳಗೆ ಮತ್ತೆ ಓಡಿಸುವುದು. ಅಷ್ಟರಲ್ಲಿ ಯಾರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ, ಹಾಗಾಗಿ ಬಂದ ವ್ಯತ್ಯಾಸವೆಲ್ಲ ಅಳತೆಯದೂ ಆ ದಿನದ ಮೈಯದೂ. 2025ರ ಜನವರಿ 12ರ ಭಾನುವಾರ ಮತ್ತು 15ರ ಬುಧವಾರ ಒಂಬತ್ತು ಮಕ್ಕಳು ಎರಡೂ ಸಲ ಓಡಿದರು. ಅದೇ ಗೆರೆ, ಅದೇ ಹೊತ್ತು, ಅದೇ ಕೈ. ಒಬ್ಬೊಬ್ಬರ ಎರಡು ಸರಾಸರಿಗಳ ವ್ಯತ್ಯಾಸವನ್ನು ಬೇರೆ ಹಾಳೆಯ D ಕಾಲಮಿನಲ್ಲಿ ಹಾಕಿ, ಆ ವ್ಯತ್ಯಾಸಗಳು ಎಷ್ಟು ಚದುರಿವೆ ಎಂದು ನೋಡಿದೆವು:

```
=STDEV(D2:D10)
```

ಉತ್ತರ 0.07 ಬಂತು. ಎರಡು ಪರೀಕ್ಷೆಗಳ ತಪ್ಪು ಸೇರಿ ಆದ ಚದುರುವಿಕೆ ಇದು. ಒಂದೇ ಪರೀಕ್ಷೆಯ ಪಾಲು ಬೇಕಿದ್ದರೆ 2ರ ವರ್ಗಮೂಲದಿಂದ ಭಾಗಿಸಬೇಕು, 0.05 ಆಗುತ್ತದೆ. ಅಂದರೆ ನಮ್ಮ ಮೈದಾನದಲ್ಲಿ, ನಮ್ಮ ಗಡಿಯಾರದಲ್ಲಿ, ಏನೂ ಬದಲಾಗದಿದ್ದರೂ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ 0.07ರಷ್ಟು ಆಚೀಚೆ ಆಗುವುದು ಮಾಮೂಲು. ತರಬೇತುದಾರರ ಪ್ರಶ್ನೆಗೆ ಉತ್ತರ ಸಿಕ್ಕಿತು: 4.97ರಿಂದ 4.93ಕ್ಕೆ ಹೋದದ್ದು ಅವಳೋ ಬಟನ್ನೋ ಎಂದು ಯಾರೂ ಹೇಳಲಾರರು. ಆದರೆ ಜನವರಿಯ 5.23ರಿಂದ ಡಿಸೆಂಬರಿನ 4.93ಕ್ಕೆ 0.30 ಇಳಿದಿದೆ. ಅದು ಬಟನ್ನಿನ ಕೆಲಸವಲ್ಲ.

ಈ 0.05 ನಮ್ಮದು ಮಾತ್ರ. ಬೇರೆಯವರು ತಮ್ಮ ಮಕ್ಕಳನ್ನು ಓಡಿಸಿ ತಮ್ಮದನ್ನು ಕಂಡುಕೊಳ್ಳಬೇಕು. ಗಡಿಯಾರ ಹಿಡಿಯುವವರು ಬದಲಾದರೆ ನಮ್ಮದೂ ಬದಲಾಗುತ್ತದೆ. ಹಾಗಾಗಿ "ಯಾರು ಹಿಡಿದರು" ಮತ್ತು "ನೆಲ" ಎಂಬ ಎರಡು ಕಾಲಂ ಬಂದವು. ನೆಲಕ್ಕೆ ಒಣ, ಒದ್ದೆ, ಕೆಸರು ಎಂದು ಮೂರೇ ಆಯ್ಕೆ. ಕೆಸರಿನ ಸಾಲುಗಳು ಚಾರ್ಟಿನಲ್ಲಿ ಉಳಿಯುತ್ತವೆ, ಸರಾಸರಿಯಲ್ಲಿ ಸೇರುವುದಿಲ್ಲ. ಅಳಿಸಿಬಿಡಬಹುದಲ್ಲ ಎಂದು ಅಕ್ಕ ಕೇಳಿದಳು. ಅಳಿಸಿದ್ದರೆ ಆ ಹುಡುಗಿಗೆ ಕ್ರಮ ತಪ್ಪಿದ್ದು ಗೊತ್ತಾಗುತ್ತಿತ್ತೇ?

ಕೂಟಗಳಲ್ಲಿ ವಿದ್ಯುನ್ಮಾನ ಗಡಿಯಾರದಿಂದ ಬಂದ ಸಮಯಗಳನ್ನು ಇದೇ ಕಾಲಮಿಗೆ ಹಾಕಬಾರದೆಂದೂ ಆಗಲೇ ನಿರ್ಧರಿಸಿದೆವು. ಕೈಯಲ್ಲಿ ಒತ್ತಿ ಅಳೆದ 100 ಮೀಟರ್ ಸಮಯಕ್ಕೆ 0.24 ಸೇರಿಸಿ ಹೋಲಿಸುವ ರೂಢಿ ಅಥ್ಲೆಟಿಕ್ಸಿನಲ್ಲಿದೆ. ಅದು ಪಿಸ್ತೂಲಿನ ಹೊಗೆ ನೋಡಿ ಒತ್ತುವ ಓಟದ ಲೆಕ್ಕ. ಕಾಲು ಎತ್ತಿದ್ದನ್ನು ನೋಡಿ ಒತ್ತುವ ನಮ್ಮ 30 ಮೀಟರಿಗೆ ಅದು ಹೊಂದುವುದಿಲ್ಲ.

ಆಮೇಲೆ

ಹೆಚ್ಚುವರಿ ಓಟ ಶೀಟಿನಲ್ಲಿ ತಪ್ಪು ಸಿಕ್ಕಿದ ದಿನವೇ ನಿಂತಿತು. ಒಂದು ವಾರ ಅವಳು ಓಡಲಿಲ್ಲ, ಡಾಕ್ಟರರು ನೋಡಿದರು, ಎಲುಬು ಬಿರುಕಿಲ್ಲ ಎಂದರು. ಜನವರಿ 12ಕ್ಕೆ 4.99, 15ಕ್ಕೆ 4.96 ಓಡಿದಳು. ಡಿಸೆಂಬರಿಗಿಂತ ತುಸು ನಿಧಾನವೇ? 0.07ರ ಒಳಗೆ ಇರುವುದರಿಂದ ಏನೂ ಹೇಳುವಂತಿಲ್ಲ, ಮೂರು ವಾರದ ಹೆಚ್ಚುವರಿ ದುಡಿಮೆಯಿಂದ ವೇಗ ಬರಲಿಲ್ಲ ಎಂದಷ್ಟೇ ಹೇಳಬಹುದು. ಹನ್ನೊಂದನೆಯವಳು 5.18 ಮತ್ತು 5.21.

ಕಷ್ಟವಾದದ್ದು ಅವಳಿಗೆ ಹೇಳುವುದು. ಜಾಗ ಇದೆ ಎಂದು ಒಮ್ಮೆ ಹೇಳಿ ಆಗಿತ್ತು. ತರಬೇತುದಾರರು ಅವಳನ್ನೂ ಅವಳ ತಾಯಿಯನ್ನೂ ಕೂರಿಸಿ, ಮೊಬೈಲಿನಲ್ಲಿ ಆ ಸೊನ್ನೆಗಳನ್ನೇ ತೋರಿಸಿ, "ತಪ್ಪು ನಮ್ಮದು, ನಿನ್ನದಲ್ಲ ಮಗಾ," ಎಂದರು. ಅವಳು ಮೀಸಲು ಓಟಗಾರ್ತಿಯಾದಳು. ತಾಯಿ ಎರಡು ವಾರ ನಮ್ಮ ಜೊತೆ ಮಾತಾಡಲಿಲ್ಲ. ನಾನಾಗಿದ್ದರೆ ಕೊಟ್ಟ ಮಾತಿಗೆ ತಂಡದಲ್ಲೇ ಇಟ್ಟುಕೊಳ್ಳುತ್ತಿದ್ದೆನೇನೋ. ಸಂಘದ ಕೂಟ ಅದು, ಒಲಿಂಪಿಕ್ಸ್ ಅಲ್ಲ. ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಏಳನೆಯವಳಿಗೆ ಏನು ಹೇಳುತ್ತಿದ್ದೆ ಎಂದು ನನ್ನನ್ನೇ ಕೇಳಿದರು.

ಜನವರಿ 26ಕ್ಕೆ ತಂಡ ಮೂರನೆಯದಾಗಿ ಬಂತು. ಬೇಟನ್ ಎರಡನೆಯ ಸಲ ಕೈ ಬದಲಾಗುವಾಗ ತಡವರಿಸಿತು. 30 ಮೀಟರಿನ ಪರೀಕ್ಷೆ ಅದನ್ನು ಅಳೆಯುವುದಿಲ್ಲ.

ಫೈಲಿನ ಕೊಂಡಿ ಇದ್ದ ಯಾರು ಬೇಕಾದರೂ ನೋಡುವಂತಿತ್ತು, ಅದನ್ನು ಮುಚ್ಚಿದೆವು. ಗುರುತಿಗೂ ಹೆಸರಿಗೂ ನಂಟು ತೋರಿಸುವ ಪಟ್ಟಿ ಈಗ ತರಬೇತುದಾರರ ಮನೆಯಲ್ಲಿ ಕಾಗದದ ಮೇಲಿದೆ. ಫೆಬ್ರವರಿಯಲ್ಲಿ ಇನ್ನೊಂದು ಕಾಲಂ ಬಂತು, ಅದು ತರಬೇತುದಾರರೇ ಕೇಳಿದ್ದು: ಎತ್ತರ. ಏಳನೆಯವಳ ಶಾಲೆಯ ಕಾರ್ಡಿನ ಪ್ರಕಾರ ಅವಳು ಆ ಒಂದು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಬೆಳೆದಿದ್ದಳು. ಇಳಿದ 0.30 ಸೆಕೆಂಡಿನಲ್ಲಿ ಬೆಳೆದ ಕಾಲಿನ ಪಾಲೆಷ್ಟು, ನಮ್ಮ ತರಬೇತಿಯ ಪಾಲೆಷ್ಟು ಎಂದು ಒಂಬತ್ತು ಸಾಲುಗಳಿಂದ ಬೇರ್ಪಡಿಸಲು ಆಗುವುದಿಲ್ಲ. ಅವಳ ಚಾರ್ಟಿನ ಕೆಳಗೆ ಅವರು ಅದನ್ನೇ ಒಂದು ಸಾಲಿನಲ್ಲಿ ಬರೆಸಿದ್ದಾರೆ.